ಕಿವಿಗಿಂತ ಮುಂಚೆ ಕಣ್ಣಿಗೆ ಹೇಳಬೇಡಿ

ಕನ್ನಡದ ಕವಿತೆ ರೀಲುಗಳಲ್ಲಿ ಹೆಚ್ಚಿನವು ಹೀಗಿರುತ್ತವೆ. ಮಂಜು ಕವಿದ ಒಂದು ರಸ್ತೆ, ಇಲ್ಲವೆ ಕಿಟಕಿ ಗಾಜಿನ ಮೇಲೆ ಇಳಿಯುವ ನೀರು. ಹಿಂದೆ ಪಿಯಾನೊ. ತೆರೆಯ ನಡುವೆ ಒಂದು ಪೂರ್ತಿ ಸಾಲು ಮೂಡುತ್ತದೆ. ನಾವು ಅದನ್ನು ಓದಿ ಮುಗಿಸುತ್ತೇವೆ. ಆಮೇಲೆ ಒಂದು ದನಿ ಬಂದು, ನಾವು ಓದಿ ಮುಗಿಸಿದ್ದನ್ನೇ ನಿಧಾನವಾಗಿ ಹೇಳತೊಡಗುತ್ತದೆ. ದನಿ ಆ ಸಾಲಿನ ತುದಿ ಮುಟ್ಟುವ ಹೊತ್ತಿಗೆ ನಾವು ಮುಂದಿನ ಸಾಲಿಗಾಗಿ ಕಾಯುತ್ತಿರುತ್ತೇವೆ. ಆಡುಮಾತಿನ ಕವಿತೆ ಎಂದು ಹೆಸರಿಟ್ಟುಕೊಂಡ ಈ ರೀಲಿನಲ್ಲಿ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಕಣ್ಣು ಮುಂದೆ ಓಡಿಬಿಟ್ಟಿರುತ್ತದೆ, ಕಿವಿ ಅದರ ಹಿಂದೆ ಏದುಸಿರು ಬಿಡುತ್ತಿರುತ್ತದೆ.

ಇದರ ತಪ್ಪು ರೀಲಿನ ಮೇಲಿಲ್ಲ. ರೀಲು ಬಂತು, ಕವಿತೆ ಕೆಟ್ಟಿತು ಎಂದು ಗೋಳಾಡುವ ಹಿರಿಯರ ಸಾಲಿನಲ್ಲಿ ನಿಲ್ಲುವ ಆಸೆ ನನಗಿಲ್ಲ. ದನಿಯೂ ಅಕ್ಷರವೂ ಒಟ್ಟಿಗೆ ಸಿಗುವ ಜಾಗ ಕನ್ನಡ ಕವಿತೆಗೆ ಹಿಂದೆ ಇಷ್ಟು ಸುಲಭವಾಗಿ ಸಿಕ್ಕಿರಲಿಲ್ಲ. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದಾಗ ದನಿ ಸಿಕ್ಕಿತು, ಅಕ್ಷರ ಇರಲಿಲ್ಲ. ಪುಸ್ತಕದಲ್ಲಿ ಅಕ್ಷರ ಇತ್ತು, ದನಿ ಇರಲಿಲ್ಲ. ಈಗ ಎರಡೂ ಇವೆ. ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಮಾತಿಗೆ ಖರ್ಚು ಮಾಡುತ್ತಿದ್ದೇವೆ ಎಂಬುದು ನನ್ನ ತಕರಾರು. ಇಂಗ್ಲಿಷ್ ರೀಲುಗಳಿಗೆಂದು ಯಾರೋ ಕತ್ತರಿಸಿಟ್ಟ ಅಂಗಿಯನ್ನು ಕನ್ನಡ ವಾಕ್ಯಕ್ಕೆ ತೊಡಿಸಿದ್ದರಿಂದ ಈ ಖರ್ಚು ಇನ್ನೂ ದುಬಾರಿಯಾಗಿದೆ.

ಬರೀ ತಕರಾರಿನಿಂದ ಪ್ರಯೋಜನವಿಲ್ಲ. ಒಂದು ಕವಿತೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯ ಮಾತಿನಲ್ಲಿ, ರೀಲಿಗೆಂದೇ ನಾನು ಬರೆದ ಏಳು ಸಾಲು ಇಲ್ಲಿವೆ:

ಡಾಂಬರ ಮ್ಯಾಲ ಹೆಸರ ಹರವ್ಯಾನ ಅಪ್ಪ.
ಮೋಡ ನೋಡಿದಾ.
ಮೋಡಾನೂ ಇವನ್ನ ನೋಡ್ತು.
ತಾಡಪತ್ರಿ ತರಾಕ ಮನಿಗೆ ಓಡ್ಲಿಲ್ಲ.
ಅಲ್ಲೇ ಕುಂತಾ.
ಹ್ವಾದ ವರ್ಷ ಇದ ಮಳೀಗೆ
ಕೈ ಮುಗದಿದ್ದಾ.

ಎರೆಹೊಲದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದೆರಡು ಮಾತು. ಹೆಸರು ಮುಂಗಾರಿನ ಬೆಳೆ. ಜೂನಿನಲ್ಲಿ ಬಿತ್ತಿದರೆ ಎರಡು ಎರಡೂವರೆ ತಿಂಗಳಲ್ಲಿ, ಆಗಸ್ಟಿನ ಹೊತ್ತಿಗೆ ಕೈಗೆ ಬರುತ್ತದೆ. ಮಳೆಗಾಲ ಇನ್ನೂ ಮುಗಿದಿರದ ಹೊತ್ತದು. ಕಣ ಹಸಿಯಾಗಿದ್ದರೆ ಕಾಳು ಒಣಗಿಸಲು ಸಿಗುವ ಬಿಸಿ ನೆಲವೆಂದರೆ ಊರ ಮುಂದಿನ ಡಾಂಬರು ರಸ್ತೆ. ಹರವಿದ ಕಾಳು ತೊಯ್ದರೆ ಬಣ್ಣ ಕೆಡುತ್ತದೆ, ಮೊಳಕೆ ಒಡೆಯುತ್ತದೆ, ರೇಟು ಬೀಳುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಕವಿತೆಯ ‘ಹ್ವಾದ ವರ್ಷ’ ಅದು.

ಈಗ ನಾಲ್ಕನೆಯ ಸಾಲನ್ನು ಬಾಯಿಬಿಟ್ಟು ಹೇಳಿ ನೋಡಿ. ತಾಡಪತ್ರಿ, ತರಾಕ, ಮನಿಗೆ. ಇಷ್ಟು ಹೇಳಿದಾಗ ಕೇಳುವವನ ಮನಸ್ಸಿನಲ್ಲಿ ಅಪ್ಪ ಎದ್ದು ಓಡುತ್ತಿದ್ದಾನೆ. ಓಡಲೇಬೇಕು, ಮೋಡ ಬಂದಿದೆಯಲ್ಲ! ಕೊನೆಯ ಪದದಲ್ಲಿ ‘ಓಡ್’ ಎಂಬಷ್ಟು ಕೇಳಿದಾಗಲೂ ಅವನು ಓಡುತ್ತಲೇ ಇದ್ದಾನೆ. ‘ಲಿಲ್ಲ’ ಬಂದ ಮೇಲೆ ಓಡಿದ ಆ ಚಿತ್ರವನ್ನು ನಾವೇ ಅಳಿಸಿಕೊಳ್ಳಬೇಕು. ಅಪ್ಪ ರಸ್ತೆಯ ಬದಿ ಹಾಗೇ ಉಳಿಯುತ್ತಾನೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ‘ಇಲ್ಲ’ ಎಂಬುದು ಆ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಇನ್ನೂ ತಡವಾಗಿ ಬರುತ್ತದೆ. ಆಗಿದ್ದೇನು, ಆಗದೆ ಉಳಿದಿದ್ದೇನು ಎಂಬ ತೀರ್ಪು ಬಾಗಿಲು ಮುಚ್ಚುವ ಗಳಿಗೆಯಲ್ಲಿ ಬರುತ್ತದೆ. ಇಂಗ್ಲಿಷಿನಲ್ಲಿ ಇದೇ ಮಾತನ್ನು ಹೇಳಿದರೆ ‘ಓಡಲಿಲ್ಲ’ ಎಂಬುದು ಮೊದಲೇ ಬಂದು, ತಾಡಪತ್ರಿ ಕೊನೆಗೆ ಬರುತ್ತದೆ. ಆ ಭಾಷೆಯ ಪೂರ್ತಿ ಸಾಲು ಒಮ್ಮೆಲೆ ತೆರೆಗೆ ಬಂದರೂ ಕಣ್ಣು ಮೊದಲು ಮುಟ್ಟುವುದು ನಿರಾಕರಣೆಯನ್ನು; ಅದರಿಂದ ದೊಡ್ಡ ನಷ್ಟವಿಲ್ಲ.

ಕನ್ನಡದ ಸಾಲನ್ನು ಒಮ್ಮೆಲೆ ತೋರಿಸಿದರೆ ನಷ್ಟ ಪೂರ್ತಿ ನಮ್ಮದು. ನಾಲ್ಕು ಪದ ಓದಲು ಕಣ್ಣಿಗೆ ಒಂದು ಸೆಕೆಂಡು ಸಾಕು. ದನಿಗೆ ನಡುವಿನ ಉಸಿರೂ ಸೇರಿ ಮೂರು ಸೆಕೆಂಡಿಗಿಂತ ಹೆಚ್ಚು ಬೇಕು. ಹಾಗಾದರೆ ‘ಮನಿಗೆ’ ಎಂದು ದನಿ ಹೇಳುವ ಹೊತ್ತಿಗೆ ನೋಡುವವನಿಗೆ ಅಪ್ಪ ಓಡಲಿಲ್ಲವೆಂದು ಗೊತ್ತಾಗಿ ಬಹಳ ಹೊತ್ತಾಗಿರುತ್ತದೆ. ಓಡಿದ ಅಪ್ಪ ಅವನ ಮನಸ್ಸಿನಲ್ಲಿ ಹುಟ್ಟಲೇ ಇಲ್ಲ. ಕವಿತೆ ಅವನಿಗೆ ಒಂದು ಸುದ್ದಿ ಕೊಟ್ಟಿತು, ಅಷ್ಟೆ.

ಆದ್ದರಿಂದ ನನ್ನ ಮೊದಲ ನಿಯಮ ಸರಳ: ಅಕ್ಷರ ದನಿಗಿಂತ ಮುಂಚೆ ಬರಬಾರದು. ಪದ ಕಿವಿಗೆ ಬಿದ್ದ ಮೇಲೆ, ಒಂದು ಕಣ್ಣೆವೆ ಮಿಟುಕಿಸುವಷ್ಟು ತಡವಾಗಿ ಅದು ತೆರೆಗೆ ಬರಬೇಕು. ಸೆಕೆಂಡಿಗೆ 30 ಚೌಕಟ್ಟುಗಳ ವಿಡಿಯೊದಲ್ಲಿ ಇದು ಸುಮಾರು 6 ಚೌಕಟ್ಟು, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಇದಕ್ಕಿಂತ ಬೇಗ ಬಂದರೆ ಕಣ್ಣು ಗೆಲ್ಲುತ್ತದೆ. ಅರ್ಧ ಸೆಕೆಂಡಿಗಿಂತ ತಡವಾದರೆ ದನಿಗೂ ಅಕ್ಷರಕ್ಕೂ ಹೊಂದಾಣಿಕೆ ತಪ್ಪಿದೆ, ಫೋನು ಕೆಟ್ಟಿದೆ ಎನಿಸತೊಡಗುತ್ತದೆ. ಎರಡರ ನಡುವಿನ ಈ ಸಣ್ಣ ಸಂದಿಯಲ್ಲಿ ಅಕ್ಷರ ತನ್ನ ಸರಿಯಾದ ಕೆಲಸ ಮಾಡುತ್ತದೆ. ಕೇಳಿದ್ದನ್ನು ಹಿಡಿದು ನಿಲ್ಲಿಸುತ್ತದೆ.

ಇದಕ್ಕೆ ಕೆಲಸದ ಕ್ರಮವೇ ಬದಲಾಗಬೇಕು. ಈಗ ಹೆಚ್ಚಿನವರು ಮೊದಲು ವಿಡಿಯೊ ಆರಿಸುತ್ತಾರೆ, ಅದಕ್ಕೊಂದು ಸಂಗೀತ ಹಾಕುತ್ತಾರೆ, ಸಿದ್ಧ ಮಾದರಿಯೊಳಗೆ ಸಾಲುಗಳನ್ನು ಸುರಿಯುತ್ತಾರೆ, ಕೊನೆಗೆ ಅದರ ವೇಗಕ್ಕೆ ಓದಲು ಕೂರುತ್ತಾರೆ. ದನಿ ಮಾದರಿಯ ಬಾಲ ಹಿಡಿದು ಓಡುತ್ತದೆ. ಇದು ತಿರುಗುಮುರುಗಾಗಬೇಕು. ಮೊದಲು ದನಿ. ಫ್ಯಾನು ಆರಿಸಿ, ಹಾಸಿಗೆ ಬಟ್ಟೆ ಇರುವ ಕೋಣೆಯಲ್ಲಿ, ಫೋನನ್ನು ಒಂದು ಗೇಣು ದೂರ ಹಿಡಿದು ಕವಿತೆ ಹೇಳಿ. ಐದಾರು ಸಲ ಹೇಳಿ, ನೀವು ಯಾರಿಗೋ ಹೇಳುತ್ತಿದ್ದೀರಿ ಎನಿಸಿದ್ದನ್ನು ಇಟ್ಟುಕೊಳ್ಳಿ. ಆಮೇಲೆ ಅದನ್ನು ಕೇಳುತ್ತ ಕಾಗದದ ಮೇಲೆ ಉಸಿರು ನಿಂತಲ್ಲೆಲ್ಲ ಒಂದು ಗೀಟು ಎಳೆಯಿರಿ. ಸಾಲು ಒಡೆಯಬೇಕಾದದ್ದು ಆ ಗೀಟಿನ ಬಳಿ. ತೆರೆಯ ಅಗಲ ಮುಗಿಯಿತೆಂದು ಆ್ಯಪ್ ಒಡೆಯುವ ಜಾಗದಲ್ಲಿ ಅಲ್ಲ.

ನನ್ನ ಏಳು ಸಾಲಿನ ರೀಲು 35 ಸೆಕೆಂಡಿನದು. ಅದರಲ್ಲಿ ದನಿ ಇರುವುದು ಹದಿನಾಲ್ಕು ಹದಿನೈದು ಸೆಕೆಂಡು ಮಾತ್ರ. ಮೊದಲ ಎರಡೂವರೆ ಸೆಕೆಂಡು ರಸ್ತೆ, ಗಾಳಿ. ಆಮೇಲೆ ‘ಡಾಂಬರ ಮ್ಯಾಲ’. ಒಂದು ಉಸಿರು. ‘ಹೆಸರ ಹರವ್ಯಾನ ಅಪ್ಪ’. ನಾಲ್ಕನೆಯ ಸಾಲು 14.5ನೆಯ ಸೆಕೆಂಡಿಗೆ ಶುರುವಾಗುತ್ತದೆ, ‘ಓಡ್ಲಿಲ್ಲ’ ಎಂಬ ಮಾತು 17.2ಕ್ಕೆ ಬೀಳುತ್ತದೆ. ಪಠ್ಯದ ಕಡತದಲ್ಲಿ ಆ ಜಾಗ ಹೀಗೆ ಕಾಣುತ್ತದೆ:

```
5
00:00:14,700 --> 00:00:17,400
ತಾಡಪತ್ರಿ ತರಾಕ ಮನಿಗೆ

6
00:00:17,400 --> 00:00:20,000
ತಾಡಪತ್ರಿ ತರಾಕ ಮನಿಗೆ
ಓಡ್ಲಿಲ್ಲ.
```

ಇದು `.srt` ಎಂಬ ಸಾದಾ ಪಠ್ಯ ಕಡತ. ಯಾವ ನೋಟ್‌ಪ್ಯಾಡಿನಲ್ಲಾದರೂ ಬರೆಯಬಹುದು. ಮೊದಲ ಅಂಕಿ ತುಣುಕಿನ ಸಂಖ್ಯೆ, ಬಾಣದ ಎಡಕ್ಕೆ ಅದು ಕಾಣಿಸಿಕೊಳ್ಳುವ ಹೊತ್ತು, ಬಲಕ್ಕೆ ಮರೆಯಾಗುವ ಹೊತ್ತು. ಅಲ್ಪವಿರಾಮದ ನಂತರದ ಮೂರು ಅಂಕಿಗಳು ಸೆಕೆಂಡಿನ ಸಾವಿರದ ಭಾಗಗಳು. ಆರನೆಯ ತುಣುಕಿನಲ್ಲಿ ಹಳೆಯ ಸಾಲನ್ನು ಮತ್ತೆ ಬರೆದದ್ದನ್ನು ಗಮನಿಸಿ. ‘ಓಡ್ಲಿಲ್ಲ’ ಒಂದೇ ತೆರೆಯ ಮೇಲೆ ಬಂದರೆ ಅದು ತನ್ನ ವಾಕ್ಯ ಕಳೆದುಕೊಂಡ ಅನಾಥ ಪದವಾಗುತ್ತದೆ. ಹಳೆಯ ಸಾಲು ಅಲ್ಲಾಡದೆ ನಿಂತು, ಅದರ ಕೆಳಗೆ ಹೊಸದು ಬಂದು ಸೇರಬೇಕು. ಆಗ ಕೇಳುವವನು ತಾನು ನಂಬಿದ್ದ ಅರ್ಧವನ್ನೂ ಅದನ್ನು ಕೆಡವಿದ ಅರ್ಧವನ್ನೂ ಒಟ್ಟಿಗೆ ನೋಡುತ್ತಾನೆ. ಪಠ್ಯವನ್ನು ಕೆಳಗಿನಿಂದ ಮೇಲಕ್ಕೆ ಬೆಳೆಸಬೇಡಿ. ಮೊದಲ ಸಾಲಿನ ಜಾಗ ಮೊದಲೇ ಗೊತ್ತಾಗಿರಲಿ, ಎರಡನೆಯದು ಬಂದಾಗ ಅದು ಜಿಗಿಯದಿರಲಿ. ಪಠ್ಯವೆಲ್ಲ ತೆರೆಯ ನಡುಭಾಗದಲ್ಲೇ ಇರಲಿ. ಕೆಳಗಡೆ ಹೆಸರು, ವಿವರಣೆ ಬಂದು ಕುಳಿತುಕೊಳ್ಳುತ್ತವೆ, ಬಲಬದಿಗೆ ಗುಂಡಿಗಳು.

ಪದ ಪದವೂ ಬಣ್ಣ ಹೊತ್ತಿ ಕುಣಿಯುವ ಇನ್ನೊಂದು ಬಗೆ ಇದೆ. ಅದರಲ್ಲಿ ಅಕ್ಷರ ದನಿಗಿಂತ ಮುಂಚೆ ಬರುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅಲ್ಲಿ ಪ್ರತಿ ಪದಕ್ಕೂ ಒಂದೇ ತೂಕ. ಕರಿಹಲಗೆಯ ಮೇಲಿನ ಅಕ್ಷರಗಳನ್ನು ಕೋಲಿನಿಂದ ಒಂದೊಂದಾಗಿ ತೋರಿಸುವ ಮಾಸ್ತರರ ಕಾಟ ಅದು. ಮಾತು ಪದಗಳಲ್ಲಿ ನಡೆಯುವುದಿಲ್ಲ, ಉಸಿರಿನ ಗೊಂಚಲುಗಳಲ್ಲಿ ನಡೆಯುತ್ತದೆ. ‘ತಾಡಪತ್ರಿ ತರಾಕ ಮನಿಗೆ’ ಒಂದು ಗೊಂಚಲು. ಅದನ್ನು ಮೂರಾಗಿ ಸೀಳಿದರೆ ಏನೂ ಸಿಗುವುದಿಲ್ಲ.

ಟೈಪ್‌ರೈಟರಿನಂತೆ ಒಂದೊಂದೇ ಅಕ್ಷರ ಮೂಡಿಸುವುದಂತೂ ಕನ್ನಡಕ್ಕೆ ಮಾಡುವ ಅವಮಾನ. ‘ತಾಡಪತ್ರಿ’ಯಲ್ಲಿ ನಮಗೆ ಕೇಳಿಸುವುದು ನಾಲ್ಕು ಅಕ್ಷರ: ತಾ, ಡ, ಪ, ತ್ರಿ. ಕಂಪ್ಯೂಟರಿನೊಳಗೆ ಅವು ಎಂಟು ಸಂಕೇತಗಳು. ಕೊನೆಯ ‘ತ್ರಿ’ಯೊಂದೇ ತ, ಅರ್ಧಾಕ್ಷರದ ಚಿಹ್ನೆ, ರ, ಗುಡಿಸು ಎಂದು ನಾಲ್ಕಾಗಿ ಕೂತಿದೆ. ಸಂಕೇತಗಳನ್ನು ಒಂದೊಂದಾಗಿ ಬಿಡುವ ಆ್ಯಪಿನಲ್ಲಿ ತೆರೆಯ ಮೇಲೆ ಮೊದಲು ‘ತಾಡಪತ’, ಆಮೇಲೆ ‘ತಾಡಪತ್’, ಆಮೇಲೆ ‘ತಾಡಪತ್ರ’, ಕೊನೆಗೆ ‘ತಾಡಪತ್ರಿ’ ಬರುತ್ತದೆ. ಮೂರು ತಪ್ಪು ಉಚ್ಚಾರ ದಾಟಿ ಸರಿಯಾದದ್ದಕ್ಕೆ ಬಂದಂತೆ! ಯಾವ ಬಾಯೂ ಹೀಗೆ ತೊದಲುವುದಿಲ್ಲ. ರೋಮನ್ ಲಿಪಿಯಲ್ಲಿ ಅಕ್ಷರಗಳು ಅಕ್ಕಪಕ್ಕ ಕೂರುವುದರಿಂದ ಅಲ್ಲಿ ಈ ಆಟ ನಡೆಯುತ್ತದೆ. ನಮ್ಮಲ್ಲಿ ಅವು ಒಂದರ ತಲೆಯ ಮೇಲೆ, ಒಂದರ ಕಾಲಡಿ ಸೇರಿಕೊಳ್ಳುತ್ತವೆ. ಗೊಂಚಲು ಪೂರ್ತಿಯಾಗಿ, ಮೆಲ್ಲಗೆ ಬೆಳಕಿಗೆ ಬರಲಿ. ಒತ್ತಕ್ಷರದ ಕಾಲು ಕೆಳಸಾಲಿನ ಗುಡಿಸಿಗೆ ತಾಗದಂತೆ ಎರಡು ಸಾಲಿನ ನಡುವೆ ಧಾರಾಳ ಜಾಗವೂ ಇರಲಿ.

ಎರಡನೆಯ ತಕರಾರು ಕಾಗುಣಿತದ್ದು. ಇದಕ್ಕೆ ನನಗೆ ಹೆಚ್ಚು ಸಿಟ್ಟಿದೆ. ದನಿ ‘ಮ್ಯಾಲ’ ಎನ್ನುತ್ತದೆ, ತೆರೆ ‘ಮೇಲೆ’ ಎನ್ನುತ್ತದೆ. ದನಿ ‘ಮಳೀಗೆ’ ಎನ್ನುತ್ತದೆ, ತೆರೆ ‘ಮಳೆಗೆ’ ಎನ್ನುತ್ತದೆ. ಧಾರವಾಡ ಸೀಮೆಯ ಹುಡುಗ ಹುಡುಗಿಯರು ತಮ್ಮ ಮಾತಿನಲ್ಲೇ ಕವಿತೆ ಹೇಳಿ, ಅದನ್ನು ತೆರೆಗೆ ಬರೆಯುವಾಗ ಶಾಲೆಯ ಸಮವಸ್ತ್ರ ತೊಡಿಸುತ್ತಾರೆ. ಕಾರಣ ಕೇಳಿದರೆ ‘ಮೈಸೂರು ಕಡೆಯವರಿಗೆ ತಿಳಿಯಬೇಕಲ್ಲ’ ಎನ್ನುತ್ತಾರೆ. ಇಲ್ಲವೆ ‘ಹಾಗೆ ಬರೆದರೆ ತಪ್ಪು ಕನ್ನಡ ಅಂತಾರೆ’ ಎನ್ನುತ್ತಾರೆ.

ತಪ್ಪು ಎನ್ನುವವರಿಗೆ ಉತ್ತರ ಸಿಕ್ಕಿ ತೊಂಬತ್ತು ವರ್ಷಗಳ ಮೇಲಾಯಿತು. ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದಿನ ತ್ರಿಪದಿಗಳನ್ನು ಸಂಗ್ರಹಿಸಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ್ದು 1931ರಲ್ಲಿ. ಬೇಂದ್ರೆಯವರ ‘ಗರಿ’ ಬಂದದ್ದು 1932ರಲ್ಲಿ. ಧಾರವಾಡದ ಓಣಿಯ ಮಾತು ಅಂದೇ ಪುಸ್ತಕದ ಪುಟದ ಮೇಲೆ ತಲೆ ಎತ್ತಿ ಕೂತಿತ್ತು. ಬೆಟಗೇರಿ ಎಂದೊಡನೆ ನೆನಪಾಗುವ ಆನಂದಕಂದರ ಬೆಟಗೇರಿ ನಮ್ಮದಲ್ಲ, ಗೋಕಾಕ ತಾಲ್ಲೂಕಿನದು. ಆದರೆ ಅವರ ‘ನಲ್ವಾಡುಗಳು’ ಹಳ್ಳಿಯ ಆಡುನುಡಿಯನ್ನು ಅಚ್ಚಿನಲ್ಲಿ ಗೆಲ್ಲಿಸಿದ ಪುಸ್ತಕವೆಂಬುದು ಎರಡೂ ಬೆಟಗೇರಿಗಳ ಹೆಮ್ಮೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಆದದ್ದು ಬೆರಳ ತುದಿಯಲ್ಲಿ ಕೀಲಿಮಣೆ ಇರುವ ಕಾಲದಲ್ಲಿ ಆಗುವುದಿಲ್ಲವೆ?

ಇದನ್ನು ಬರೀ ಅಭಿಮಾನದ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಕಾಗುಣಿತ ಬದಲಾದರೆ ಲಯವೇ ಬದಲಾಗುತ್ತದೆ. ಛಂದಸ್ಸಿನ ಲೆಕ್ಕ ಹಿಡಿಯಿರಿ. ‘ಮಳೆಗೆ’ ಮೂರು ಲಘು, ಮೂರು ಮಾತ್ರೆ. ‘ಮಳೀಗೆ’ ನಡುವೆ ಗುರು ಬಂದು ನಾಲ್ಕು ಮಾತ್ರೆ. ‘ಮುಗಿದಿದ್ದ’ ಐದು ಮಾತ್ರೆ, ‘ಮುಗದಿದ್ದಾ’ ಆರು. ಆ ಕೊನೆಯ ‘ದ್ದಾ’ದ ದೀರ್ಘದಲ್ಲಿ ದನಿ ಇಳಿದು ನಿಲ್ಲುತ್ತದೆ, ಕವಿತೆಯ ಕೊನೆಯ ಕಾಲು ಊರುವುದು ಅಲ್ಲಿ. ತೆರೆಯ ಮೇಲೆ ‘ಕೈ ಮುಗಿದಿದ್ದ’ ಎಂದು ಬರೆದರೆ ಕಣ್ಣು ಗಿಡ್ಡ ಹೆಜ್ಜೆ ಇಡುತ್ತದೆ, ಕಿವಿ ಉದ್ದ ಹೆಜ್ಜೆ ಇಡುತ್ತದೆ. ಎರಡೂ ಒಟ್ಟಿಗೆ ನಡೆಯಲಾರವು. ಏನೋ ಸರಿಯಿಲ್ಲ ಎಂದು ನೋಡುವವನಿಗೆ ಅನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ.

ಮಿತಿ ಇಲ್ಲವೆಂದಲ್ಲ. ನಮ್ಮ ಕಡೆಯ ಮಾತಿನ ಪದಾಂತ್ಯದಲ್ಲಿ ಅಕಾರವೂ ಅಲ್ಲದ, ಎಕಾರವೂ ಅಲ್ಲದ ಸ್ವರ ಬಹಳ ಸಲ ಬರುತ್ತದೆ. ಅದಕ್ಕೆ ವರ್ಣಮಾಲೆಯಲ್ಲಿ ಮನೆ ಇಲ್ಲ. ‘ಹರವ್ಯಾನ’ ಎಂದು ಬರೆದರೂ ಬಾಯಿಯ ದನಿ ಪೂರ್ತಿ ಸಿಗುವುದಿಲ್ಲ. ಅಲ್ಲಿ ಒಂದು ರೂಪ ಆರಿಸಿಕೊಂಡು ಕವಿತೆಯುದ್ದಕ್ಕೂ ಅದನ್ನೇ ಪಾಲಿಸಬೇಕು. ಉಳಿದದ್ದನ್ನು ದನಿ ತುಂಬಿಕೊಡುತ್ತದೆ. ಮೈಸೂರು ಕಡೆಯವರ ಚಿಂತೆಗೂ ಉತ್ತರ ಇಲ್ಲೇ ಇದೆ. ‘ಮ್ಯಾಲ’ ಎಂಬುದನ್ನು ಪುಟದಲ್ಲಿ ಮಾತ್ರ ಓದಿದವನಿಗೆ ತೊಡಕಾಗಬಹುದು. ಕೇಳುತ್ತಲೇ ಓದುವವನಿಗೆ ಮೊದಲ ಸಲವೇ ಅದು ಹತ್ತುತ್ತದೆ. ಬೇರೆ ಸೀಮೆಯ ಮಾತನ್ನು ಕಲಿಸಲು ರೀಲಿಗಿಂತ ಒಳ್ಳೆಯ ಪುಸ್ತಕ ಇಲ್ಲ, ಅಕ್ಷರ ದನಿಗೆ ನಿಷ್ಠವಾಗಿದ್ದರೆ.

ಇನ್ನು ದೃಶ್ಯ. ಇದರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ಬೇಕಾದದ್ದು ಬಹಳ ಕಡಿಮೆ. ಈ ಕವಿತೆಗೆ ಎರಡೇ ಚಿತ್ರಿಕೆ. ಒಂದು, ನೆಲಮಟ್ಟದಿಂದ ಕಾಣುವ ಡಾಂಬರು. ಇನ್ನೊಂದು, ಹರವಿದ ಕಾಳಿನ ಮೇಲೆ ಮೋಡದ ನೆರಳು ಸರಿಯುವುದು. ಮೊದಲನೆಯದರಲ್ಲಿ ಕಾಳು ಕಾಣಬಾರದು. ‘ಹೆಸರ ಹರವ್ಯಾನ ಅಪ್ಪ’ ಎಂದು ಕೇಳಿದಾಗ ಪಟ್ಟಣದ ಕಿವಿಗೆ ಒಂದು ಗಳಿಗೆ ತಂದೆ ತನ್ನ ಹೆಸರನ್ನೇ ರಸ್ತೆಯ ಮೇಲೆ ಹರವಿದಂತೆ ಕೇಳಿಸುತ್ತದೆ. ಅದೂ ಸುಳ್ಳಲ್ಲವಲ್ಲ. ಆ ಮಾತು ಬಿದ್ದ ಎರಡು ಸೆಕೆಂಡಿನ ಮೇಲೆ ಹಸಿರು ಕಾಳು ತೆರೆಗೆ ಬಂದರೆ ಎರಡು ಅರ್ಥವೂ ಉಳಿಯುತ್ತವೆ. ಮೊದಲೇ ಬಂದರೆ ಒಂದು ಸಾಯುತ್ತದೆ. ಅಕ್ಷರಕ್ಕೆ ಹೇಳಿದ ನಿಯಮ ಚಿತ್ರಕ್ಕೂ ಸಲ್ಲುತ್ತದೆ.

ಈ ಕವಿತೆಗೆ ‘ಆಕಾಶದಾಗ ಕರೀ ಮೋಡ ಕೂಡ್ಯಾವ’ ಎಂಬ ಸಾಲು ಇರಬಹುದಿತ್ತು. ಪುಸ್ತಕದಲ್ಲಾದರೆ ಅದು ಬೇಕೇಬೇಕು. ರೀಲಿನಲ್ಲಿ ನೆರಳು ಅದನ್ನು ಹೇಳುತ್ತದೆ, ಆದ್ದರಿಂದ ದನಿ ಹೇಳಬೇಕಿಲ್ಲ. ರೀಲಿಗೆ ಕವಿತೆ ಬರೆಯುವುದೆಂದರೆ ಬಹುಪಾಲು ಇದೇ: ಚಿತ್ರಕ್ಕೆ ಬಿಟ್ಟುಕೊಡಬಹುದಾದ ಸಾಲುಗಳನ್ನು ತೆಗೆಯುವುದು. ನಮ್ಮಲ್ಲಿ ಆಗುತ್ತಿರುವುದು ಇದರ ಉಲ್ಟಾ. ಮಳೆ ಎಂದರೆ ಮಳೆ ತೋರಿಸುತ್ತಾರೆ, ಅಪ್ಪ ಎಂದರೆ ಸುಕ್ಕುಗಟ್ಟಿದ ಎರಡು ಕೈ ತೋರಿಸುತ್ತಾರೆ. ಎರೆಮಣ್ಣಿನ ಊರಿನ ಕವಿತೆಗೆ ಎಲ್ಲಿಯದೋ ಭತ್ತದ ಗದ್ದೆ ತಂದು ಹಾಕುತ್ತಾರೆ, ಅಂತರ್ಜಾಲದಲ್ಲಿ ಅದು ಪುಕ್ಕಟೆ ಸಿಗುತ್ತದೆಂದು.

ನಿಧಾನದ ದೃಶ್ಯವೆಂದರೆ ವೇಗ ತಗ್ಗಿಸಿದ ದೃಶ್ಯವೆಂದು ತಿಳಿದವರೂ ಇದ್ದಾರೆ. ಸೆಕೆಂಡಿಗೆ 30 ಚೌಕಟ್ಟಿನಲ್ಲಿ ಹಿಡಿದದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ಪ್ರತಿ ಚೌಕಟ್ಟೂ ಎರಡು ಸಲ ನಿಂತು, ಚಿತ್ರ ಮುಗ್ಗರಿಸುತ್ತದೆ. ಅರ್ಧ ವೇಗ ಬೇಕಿದ್ದರೆ 60ರಲ್ಲಿ ಹಿಡಿಯಬೇಕು. ಅದಕ್ಕಿಂತ ಒಳ್ಳೆಯದು ತನ್ನಷ್ಟಕ್ಕೇ ನಿಧಾನವಾಗಿರುವುದನ್ನು ಹಿಡಿಯುವುದು. ಫೋನನ್ನು ಒಂದು ಇಟ್ಟಿಗೆಗೆ ಒರಗಿಸಿ ಕೂತರೆ ನೆರಳು ತಾನೇ ಬರುತ್ತದೆ. ಅರ್ಧ ತಾಸು ಹಿಡಿಯಬಹುದು, ಹಿಡಿಯಲಿ.

ವಿರೋಧದ ಮಾತುಗಳು ನನಗೆ ಗೊತ್ತು. ಮೊದಲನೆಯದು: ಜನ ದನಿ ಮುಚ್ಚಿ ನೋಡುತ್ತಾರೆ, ಬಸ್ಸಿನಲ್ಲಿ, ತರಗತಿಯಲ್ಲಿ. ಅವರಿಗೆ ಪೂರ್ತಿ ಪಠ್ಯ ಬೇಕು. ಪಠ್ಯ ಬೇಡವೆಂದು ನಾನೆಲ್ಲಿ ಹೇಳಿದೆ? ನನ್ನ ರೀಲಿನಲ್ಲಿ ಒಂದು ಪದವೂ ಬಿಟ್ಟುಹೋಗಿಲ್ಲ. ‘ಓಡ್ಲಿಲ್ಲ’ ಅವರಿಗೂ ತಡವಾಗಿ ಬರುತ್ತದೆ, ಅಷ್ಟೆ. ದನಿ ಇಲ್ಲದೆಯೂ ಆ ತಡ ತನ್ನ ಕೆಲಸ ಮಾಡುತ್ತದೆ. ಕಿವಿ ಕೇಳಿಸದವರ ವಿಷಯದಲ್ಲಿ ಇದು ಇನ್ನೂ ಗಂಭೀರ. ಅವರಿಗೆ ಪಠ್ಯ ಬರುವ ಹೊತ್ತೇ ದನಿ, ಕಾಗುಣಿತವೇ ಉಚ್ಚಾರ. ಪೂರ್ತಿ ಸಾಲನ್ನು ಒಮ್ಮೆಲೆ, ಗ್ರಂಥಭಾಷೆಗೆ ತಿದ್ದಿ ಕೊಟ್ಟರೆ ಅವರಿಗೆ ಸಿಗುವುದು ಕವಿತೆಯ ಸಾರಾಂಶ. ಉಳಿದವರಿಗೆ ದನಿಯಲ್ಲಾದರೂ ಧಾರವಾಡ ಸಿಕ್ಕಿತು, ಇವರಿಗೆ ಅದೂ ಇಲ್ಲ.

ಎರಡನೆಯದು: ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯದಿದ್ದರೆ ಬೆರಳು ಮೇಲೆ ಸರಿಸಿಬಿಡುತ್ತದೆ, ಹಾಗಾಗಿ ಗಟ್ಟಿ ಸಾಲನ್ನು ಮೊದಲೇ ಹಾಕಬೇಕು. ಈ ಬುದ್ಧಿವಾದವನ್ನು ಪಾಲಿಸಿದರೆ ನನ್ನ ಕವಿತೆ ‘ಹ್ವಾದ ವರ್ಷ ಇದ ಮಳೀಗೆ ಕೈ ಮುಗದಿದ್ದಾ’ ಎಂದು ಶುರುವಾಗಬೇಕು. ಆಮೇಲೆ ಅಪ್ಪ ಯಾಕೆ ಓಡಲಿಲ್ಲವೆಂದು ಯಾರಿಗೂ ಕುತೂಹಲ ಉಳಿಯುವುದಿಲ್ಲ. ವಾಕ್ಯದ ಕ್ರಿಯಾಪದವನ್ನು ಮೊದಲೇ ಹೇಳಿಬಿಡುವ ತಪ್ಪನ್ನೇ ಇಡೀ ಕವಿತೆಯ ಮಟ್ಟದಲ್ಲಿ ಮಾಡಿದಂತೆ. ಹಿಡಿಯಬೇಕೆಂದರೆ ದನಿ ಹಿಡಿಯಲಿ. ಪಿಯಾನೊ ಇಲ್ಲದ, ಬರೀ ಗಾಳಿಯ ಸದ್ದಿನ ಖಾಲಿ ರಸ್ತೆ ಎಷ್ಟೋ ಬೆರಳುಗಳನ್ನು ನಿಲ್ಲಿಸಬಲ್ಲದು, ಅಕ್ಕಪಕ್ಕದ ರೀಲುಗಳೆಲ್ಲ ಕಿರುಚುತ್ತಿರುವಾಗ. ನಿಲ್ಲದವರು ಹೋಗಲಿ.

ಮೂರನೆಯದನ್ನು ನಾನೇ ಒಪ್ಪುತ್ತೇನೆ. ಈ ನಿಯಮ ಎಲ್ಲ ಕವಿತೆಗೂ ಸಲ್ಲುವುದಿಲ್ಲ. ಹಾಡಿದ್ದಕ್ಕೆ ಸಲ್ಲುವುದಿಲ್ಲ; ಹಾಡಿನಲ್ಲಿ ಪಲ್ಲವಿ ಮೊದಲೇ ಗೊತ್ತಿರುವುದೇ ಸುಖ, ಜೊತೆಗೆ ಹಾಡಲು ಸಾಲು ಮುಂಚಿತವಾಗಿ ಬೇಕು. ಉದ್ದುದ್ದ ಪಟ್ಟಿ ಹಾಕುತ್ತ ಹೋಗುವ ಕವಿತೆಗಳಲ್ಲಿ ಬಿಗಿ ಕೊನೆಯ ಪದದಲ್ಲಿ ಇರುವುದಿಲ್ಲ, ಅಲ್ಲಿ ಸಾಲು ಒಮ್ಮೆಲೆ ಬಂದರೂ ನಡೆಯುತ್ತದೆ. ದನಿ ಹೇಳದೆ ತೆರೆಯ ಮೇಲೆ ಮಾತ್ರ ಬರುವ ಸಾಲನ್ನೂ ಬಳಸಬಹುದು, ಬಾಯಿಂದ ಆಡಲಾಗದ ಮಾತಿಗೆ. ಅದನ್ನು ಒಂದು ಕವಿತೆಯಲ್ಲಿ ಒಮ್ಮೆ ಮಾಡಿದರೆ ಸಾಕು.

ನೀವು ಮಾಡಿದ ರೀಲು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಕವಿತೆ ಗೊತ್ತಿಲ್ಲದ ಒಬ್ಬರಿಗೆ ಅದನ್ನು ತೋರಿಸಿ, ತೆರೆಯ ಕಡೆ ನೋಡದೆ ಅವರ ಮುಖ ನೋಡಿ. ದನಿ ‘ಓಡ್ಲಿಲ್ಲ’ ಎಂದಾಗ ಅವರ ಹುಬ್ಬು ಅಲುಗಿದರೆ ಅವರು ಕೇಳುತ್ತಿದ್ದಾರೆ. ಅದಕ್ಕೆ ಒಂದು ಸೆಕೆಂಡು ಮೊದಲೇ ಅಲುಗಿದರೆ ಅವರು ಓದುತ್ತಿದ್ದಾರೆ, ದನಿಯನ್ನು ನೀವು ವ್ಯರ್ಥ ಮಾಡಿದ್ದೀರಿ. ಪಠ್ಯವನ್ನು ಆರು ಚೌಕಟ್ಟು ಹಿಂದಕ್ಕೆ ಸರಿಸಿ ಮತ್ತೆ ತೋರಿಸಿ. ಈ ಸಲ ಬೇರೆಯವರಿಗೆ.